ಇಪ್ಪತ್ತು ಗುಂಡುಗಳ ವಿಳಾಸ

ಅಸಾಲ್ಟ್‌ಕ್ಯೂಬ್ ಎಂಬುದು ಉಚಿತವಾಗಿ ಸಿಗುವ, ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುವ ಗುಂಡು ಹಾರಿಸುವ ಆಟ. ಇಂಟರ್ನೆಟ್ಟಿನಲ್ಲಿ ಬೇರೆಯವರೊಡನೆ ಆಡಬಹುದು. ಯಾರೂ ಇಲ್ಲದಿದ್ದರೆ ಕಂಪ್ಯೂಟರೇ ನಡೆಸುವ ಬಾಟ್‌ಗಳನ್ನು ಎದುರಿಗಿಟ್ಟುಕೊಂಡು ಒಬ್ಬರೇ ಆಡಬಹುದು. ಆಟದ ಅಸಾಲ್ಟ್ ರೈಫಲ್‌ನ ಮ್ಯಾಗಝೀನಿನಲ್ಲಿ 20 ಗುಂಡುಗಳಿರುತ್ತವೆ. ಮನೆಯಲ್ಲಿ ಒಬ್ಬರೇ ಆಡುವಾಗ ಈ ಇಪ್ಪತ್ತು ಎಂದೂ ಕರಗದಂತೆ ಮಾಡಬಹುದೇ ಎಂಬ ಕುತೂಹಲದಿಂದಲೇ ಎಷ್ಟೋ ಹುಡುಗರು ಕಂಪ್ಯೂಟರ್ ಮೆಮೊರಿಯ ಒಳಗೆ ಮೊದಲ ಸಲ ಇಣುಕುತ್ತಾರೆ.

ಇದಕ್ಕೆ ಬಳಸುವ ತಂತ್ರಾಂಶದ ಹೆಸರು ಚೀಟ್ ಎಂಜಿನ್. ಮೊದಲ ಹಂತ ಬಹಳ ಸುಲಭ. ಆಟ ಓಡುತ್ತಿರುವಾಗ ಅದರ ಮೆಮೊರಿಯಲ್ಲಿ 20 ಎಂಬ ಸಂಖ್ಯೆ ಎಲ್ಲೆಲ್ಲಿದೆ ಎಂದು ಹುಡುಕಬೇಕು. ಸಾವಿರಾರು ಕಡೆ ಸಿಗುತ್ತದೆ. ಆಟಕ್ಕೆ ಮರಳಿ ಒಂದು ಗುಂಡು ಹಾರಿಸಿ, ಸಿಕ್ಕ ಜಾಗಗಳ ಪೈಕಿ ಈಗ 19 ಆಗಿರುವುದು ಯಾವುದು ಎಂದು `Next Scan` ಒತ್ತಬೇಕು. ಹೀಗೆ ನಾಲ್ಕಾರು ಸಲ ಸೋಸಿದರೆ ಒಂದೋ ಎರಡೋ ವಿಳಾಸ ಉಳಿಯುತ್ತವೆ. ಅಲ್ಲಿ ಸಂಖ್ಯೆಯನ್ನು ಬದಲಿಸಿ ಬೀಗ ಹಾಕಿದರೆ, ಎಷ್ಟು ಗುಂಡು ಹಾರಿಸಿದರೂ ಲೆಕ್ಕ ಇಳಿಯುವುದಿಲ್ಲ.

ಆಟ ಮುಚ್ಚಿ ಮರುದಿನ ತೆರೆದಾಗ, ಬರೆದಿಟ್ಟುಕೊಂಡ ವಿಳಾಸದಲ್ಲಿ ಗುಂಡಿನ ಲೆಕ್ಕವಿರುವುದಿಲ್ಲ. ಅರ್ಥವಿಲ್ಲದ ದೊಡ್ಡ ಸಂಖ್ಯೆಯೊಂದು ಇರುತ್ತದೆ, ಇಲ್ಲವೇ ಚೀಟ್ ಎಂಜಿನ್ ಸಂಖ್ಯೆಯ ಬದಲು `??` ತೋರಿಸುತ್ತದೆ. ಆ ವಿಳಾಸದಲ್ಲಿ ಓದಲು ಏನೂ ಇಲ್ಲ ಎಂದು ಅದರ ಅರ್ಥ.

ಇದಕ್ಕೆ ಎರಡು ಕಾರಣಗಳಿವೆ. ಅವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ.

ಮೊದಲನೆಯದು ಹಳೆಯ ಕಾರಣ, ಕಂಪ್ಯೂಟರ್ ಭದ್ರತೆಗೂ ಅದಕ್ಕೂ ಸಂಬಂಧವಿಲ್ಲ. ಆಟದೊಳಗಿನ ಆಟಗಾರ, ಅವನ ಬಂದೂಕು, ಎದುರಾಳಿ ಬಾಟ್‌ಗಳು ಇವೆಲ್ಲ ಆಟ ಶುರುವಾದ ಮೇಲೆ ಹುಟ್ಟುವಂಥವು. ಆಟಗಾರನಿಗೆ ಇಷ್ಟು ಬೈಟ್ ಜಾಗ ಬೇಕು ಎಂದು ಪ್ರೋಗ್ರಾಂ ಕೇಳುತ್ತದೆ. ಹೀಪ್ ಎಂದು ಕರೆಯುವ ಮೆಮೊರಿಯ ಭಾಗದಲ್ಲಿ ಆ ಗಳಿಗೆಗೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಜಾಗ ಸಿಗುತ್ತದೆ. ಅದಕ್ಕೂ ಮುಂಚೆ ಏನೇನು ಲೋಡ್ ಆಗಿತ್ತು, ಯಾವುದು ಬಿಡುಗಡೆಯಾಯಿತು, ಗ್ರಾಫಿಕ್ಸ್ ಡ್ರೈವರ್ ತನಗಾಗಿ ಎಷ್ಟು ತೆಗೆದುಕೊಂಡಿತು ಎಂಬುದರ ಮೇಲೆ ಈ ಜಾಗ ನಿರ್ಧಾರವಾಗುತ್ತದೆ. ಇದು ಪ್ರತಿ ಸಲ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಎರಡನೆಯದು ಬೇಕೆಂದೇ ಮಾಡಿದ ಬದಲಾವಣೆ. ಪ್ರೋಗ್ರಾಂಗಳ ಲೋಪ ಬಳಸಿಕೊಂಡು ಒಳನುಗ್ಗುವವರಿಗೆ ಒಳಗಿನ ಯಾವ ವಸ್ತು ಯಾವ ವಿಳಾಸದಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಕೆಲಸ ಸುಲಭವಾಗುತ್ತದೆ. ಅದನ್ನು ಕೆಡಿಸಲು ವಿಳಾಸಗಳನ್ನೇ ಚೆಲ್ಲಾಪಿಲ್ಲಿ ಮಾಡುವ ಏಎಸ್‌ಎಲ್‌ಆರ್ ಎಂಬ ಉಪಾಯ 2001ರಲ್ಲಿ ಲಿನಕ್ಸ್‌ಗಾಗಿ ಪ್ಯಾಕ್ಸ್ ಎಂಬ ಯೋಜನೆಯಲ್ಲಿ ಬಂತು. 2007ರಲ್ಲಿ ಬಳಕೆದಾರರ ಕೈಸೇರಿದ ವಿಂಡೋಸ್ ವಿಸ್ತಾ ಅದನ್ನು ಮನೆಮನೆಯ ಕಂಪ್ಯೂಟರಿಗೂ ತಂದಿತು. ಅಲ್ಲಿಯವರೆಗೆ ವಿಂಡೋಸಿನ ಹೆಚ್ಚಿನ ಪ್ರೋಗ್ರಾಂಗಳು `00400000` ಎಂಬ ಒಂದೇ ವಿಳಾಸದಿಂದ ಮೆಮೊರಿಯಲ್ಲಿ ಹರಡಿಕೊಳ್ಳುತ್ತಿದ್ದವು. ಈಗ ಅದಕ್ಕೆಂದು ಸಿದ್ಧಪಡಿಸಿದ ಪ್ರೋಗ್ರಾಂ ಎಲ್ಲಿಂದ ಶುರುವಾಗುತ್ತದೆಂದು ಮುಂಚಿತವಾಗಿ ಹೇಳಲಾಗದು. ಹೀಪ್ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ವಿಂಡೋಸ್ ಅದಲುಬದಲು ಮಾಡುತ್ತದೆ.

ಅಸಾಲ್ಟ್‌ಕ್ಯೂಬ್‌ನ 1.2.0.2 ಆವೃತ್ತಿ ಈ ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ನೋಡಲು ಹೇಳಿ ಮಾಡಿಸಿದಂತಿದೆ. ಅದರ ಮುಖ್ಯ ಫೈಲ್ `ac_client.exe` ಹಳೆಯ ಪದ್ಧತಿಯಂತೆ `00400000`ದಿಂದಲೇ ಶುರುವಾಗುತ್ತದೆ, ಕದಲುವುದಿಲ್ಲ. ಆದರೂ ಗುಂಡಿನ ಲೆಕ್ಕದ ವಿಳಾಸ ಬದಲಾಗುತ್ತದೆ, ಏಕೆಂದರೆ ಆಟಗಾರ ಇರುವುದು ಹೀಪ್‌ನಲ್ಲಿ.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ವಿಳಾಸ ಪ್ರತಿ ಸಲ ಬದಲಾದರೆ ಆಟಕ್ಕಾದರೂ ತನ್ನ ಆಟಗಾರ ಎಲ್ಲಿದ್ದಾನೆಂದು ಹೇಗೆ ತಿಳಿಯಬೇಕು? ಊರ ಜಾತ್ರೆಯಲ್ಲಿ ಬಳೆ ಅಂಗಡಿ ಒಂದೊಂದು ವರ್ಷ ಒಂದೊಂದು ಮೂಲೆಯಲ್ಲಿ ಇರುತ್ತದೆ, ಆದರೆ ಯಾವ ಅಂಗಡಿಗೆ ಯಾವ ಜಾಗ ಕೊಟ್ಟಿದೆ ಎಂದು ಬರೆದಿಡುವ ದೇವಸ್ಥಾನದ ಕಚೇರಿ ಕದಲುವುದಿಲ್ಲ. ಅಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಪ್ರೋಗ್ರಾಂನಲ್ಲೂ ಹಾಗೆ ಕದಲದ ಜಾಗವಿದೆ. ಸ್ಥಿರ ಚರಾಂಕಗಳು ಪ್ರೋಗ್ರಾಂ ಫೈಲಿನ ಭಾಗವಾಗಿಯೇ ಲೋಡ್ ಆಗುತ್ತವೆ, ಫೈಲಿನ ಆರಂಭದಿಂದ ಅವುಗಳಿಗಿರುವ ದೂರ ಎಂದಿಗೂ ಒಂದೇ. ಅಂಥ ಒಂದು ಸ್ಥಿರ ಜಾಗದಲ್ಲಿ ಆಟ ತನ್ನ ಆಟಗಾರನ ಇಂದಿನ ವಿಳಾಸವನ್ನು ಬರೆದಿಟ್ಟುಕೊಂಡಿರುತ್ತದೆ. ಇನ್ನೊಂದರ ವಿಳಾಸವನ್ನು ಹೊತ್ತಿರುವ ಇಂಥ ಜಾಗವೇ ಪಾಯಿಂಟರ್.

1.2.0.2ರಲ್ಲಿ ಆ ಜಾಗ ಫೈಲಿನ ಆರಂಭದಿಂದ `10F4F4` ದೂರದಲ್ಲಿದೆ. ಇಲ್ಲಿನ ಸಂಖ್ಯೆಗಳೆಲ್ಲ ಹದಿನಾರರ ಎಣಿಕೆಯವು: 0ಯಿಂದ 9, ಆಮೇಲೆ A ಯಿಂದ F, ಅದಾದ ಮೇಲೆ 10 ಎಂದರೆ ನಮ್ಮ ಹದಿನಾರು. `400000`ಕ್ಕೆ `10F4F4` ಸೇರಿಸಿದರೆ `50F4F4`. ಒಮ್ಮೆ ಆಟ ತೆರೆದಾಗ ಅಲ್ಲಿ `00A1C2E8` ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಅಂದರೆ ಇಂದು ಆಟಗಾರನ ದಾಖಲೆ ಶುರುವಾಗುವುದು ಅಲ್ಲಿಂದ. ದಾಖಲೆಯೊಳಗೆ ಯಾವ ವಿವರ ಎಷ್ಟನೆಯ ಬೈಟ್‌ನಲ್ಲಿರಬೇಕು ಎಂಬುದನ್ನು ಆಟ ಕಂಪೈಲ್ ಆದ ದಿನವೇ ಕಂಪೈಲರ್ ನಿಗದಿ ಮಾಡಿರುತ್ತದೆ. ಈ ದೂರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಆರೋಗ್ಯದ ಅಂಕ `F8`ರಲ್ಲಿ, ರಕ್ಷಾಕವಚ `FC`ಯಲ್ಲಿ, ರೈಫಲ್ ಮ್ಯಾಗಝೀನಿನ ಗುಂಡುಗಳು `150`ರಲ್ಲಿ. `A1C2E8`ಕ್ಕೆ `150` ಸೇರಿಸಿ `A1C438`ರಲ್ಲಿ ನೋಡಿದರೆ ಅಲ್ಲಿ 20 ಇದೆ.

ಇದು ಒಂದೇ ಮಜಲಿನ ಪಾಯಿಂಟರ್. ಆದರೆ ಅದೇ ಇಪ್ಪತ್ತಕ್ಕೆ ಇನ್ನೊಂದು ದಾರಿಯೂ ಇದೆ, ಮೂರು ಮಜಲಿನದು:

```
[[["ac_client.exe"+10F4F4]+374]+14]+0
```

ಚೌಕ ಕಂಸ ಎಂದರೆ "ಈ ವಿಳಾಸದಲ್ಲಿ ಬರೆದಿರುವುದನ್ನು ಓದು" ಎಂದರ್ಥ. ಒಳಗಿನಿಂದ ಹೊರಗೆ ನಡೆದು ನೋಡಬಹುದು. ಆಟಗಾರ `A1C2E8`ರಲ್ಲಿದ್ದಾನೆ. ಅದಕ್ಕೆ `374` ಸೇರಿಸಿದರೆ `A1C65C`. ಅಲ್ಲಿ ಗುಂಡಿನ ಲೆಕ್ಕವಿಲ್ಲ, ಮತ್ತೊಂದು ವಿಳಾಸವಿದೆ, `00A2F0A0` ಎಂದುಕೊಳ್ಳೋಣ. ಅದು ಆಟಗಾರ ಸದ್ಯ ಕೈಯಲ್ಲಿ ಹಿಡಿದಿರುವ ಆಯುಧದ ದಾಖಲೆ. ಅದಕ್ಕೆ `14` ಸೇರಿಸಿದರೆ `A2F0B4`. ಅಲ್ಲಿಯೂ ಒಂದು ವಿಳಾಸ: `00A1C438`. ದಾರಿ ಸುತ್ತಿ ಬಂದು ಆಟಗಾರನ ದಾಖಲೆಯೊಳಗಿನ ಅದೇ ಜಾಗಕ್ಕೆ ಸೇರಿತು.

ಇಷ್ಟು ಸುತ್ತಾಟ ಏಕೆ? ಅಸಾಲ್ಟ್‌ಕ್ಯೂಬ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಉತ್ತರ ಊಹಿಸಬೇಕಾಗಿಲ್ಲ, ಓದಬಹುದು. ಆಯುಧದ ದಾಖಲೆಯ ಆರಂಭ ಹೀಗಿದೆ, ಒಂದೊಂದು ಸಾಲಿಗೆ ನಾಲ್ಕು ಬೈಟ್:

```
+00  vtable
+04  type
+08  owner
+0C  info
+10  ammo
+14  mag
```

ಇಲ್ಲಿ `mag` ಎಂಬುದು ಸಂಖ್ಯೆಯಲ್ಲ. ಸಿ++ ಭಾಷೆಯಲ್ಲಿ ರೆಫರೆನ್ಸ್ ಎನ್ನುವ ಬಗೆಯದು. ಯಂತ್ರದ ಮಟ್ಟಕ್ಕಿಳಿದಾಗ ಅದೂ ಪಾಯಿಂಟರೇ. ಗುಂಡುಗಳ ಲೆಕ್ಕವನ್ನು ಆಯುಧ ತನ್ನ ಬಳಿ ಇಟ್ಟುಕೊಂಡಿಲ್ಲ. ಆಟಗಾರನ ದಾಖಲೆಯಲ್ಲಿ ಎಲ್ಲ ಆಯುಧಗಳ ಮ್ಯಾಗಝೀನ್ ಲೆಕ್ಕವೂ ಸಾಲಾಗಿ ಇದೆ: ಪಿಸ್ತೂಲಿನದು `13C`, ಶಾಟ್‌ಗನ್ನಿನದು `144`, ರೈಫಲ್‌ನದು `150`. ಪ್ರತಿ ಆಯುಧವೂ ಈ ಸಾಲಿನಲ್ಲಿ ತನ್ನ ಮನೆ ಯಾವುದೆಂದು ಮಾತ್ರ ನೆನಪಿಟ್ಟುಕೊಂಡಿರುತ್ತದೆ.

ಆಟವನ್ನು ಮುಚ್ಚಿ ಮತ್ತೆ ತೆರೆದರೆ ಆಟಗಾರ `00B3E510`ಕ್ಕೆ ಹೋಗಿರಬಹುದು. ಆಗ `374` ಸೇರಿಸಿದ `B3E884`ರಲ್ಲಿ ಆಯುಧದ ಹೊಸ ವಿಳಾಸವಿರುತ್ತದೆ. ಆ ಆಯುಧದ `14`ರಲ್ಲಿ `B3E660` ಎಂದಿರುತ್ತದೆ. `B3E510`ಕ್ಕೆ `150` ಕೂಡಿದರೆ ಬರುವುದೂ ಅದೇ `B3E660`. ನಡುವಿನ ವಿಳಾಸಗಳೆಲ್ಲ ಬದಲಾದವು. `10F4F4`, `374`, `14`, `0` ಮಾತ್ರ ಹಾಗೇ ಉಳಿದವು. ಚೀಟ್ ಎಂಜಿನ್ ಉಳಿಸಿಕೊಳ್ಳುವುದು ಈ ಉಳಿದ ಸಂಖ್ಯೆಗಳನ್ನೇ. ಪ್ರತಿ ಸಲ ಬರೆಯುವ ಮುನ್ನ ಇಡೀ ದಾರಿಯನ್ನು ಮೊದಲಿನಿಂದ ನಡೆದು ಇಂದಿನ ವಿಳಾಸ ಕಂಡುಕೊಳ್ಳುತ್ತದೆ.

ಹೆಚ್ಚಿನ ಆಟಗಳ ಮೂಲ ಕೋಡ್ ಸಿಗುವುದಿಲ್ಲ. ಅಲ್ಲಿ ದಾರಿಯನ್ನು ಹಿಂದಿನಿಂದ ಹುಡುಕಬೇಕು. ಪಾಯಿಂಟರ್ ಸ್ಕ್ಯಾನ್ ಮಾಡುವುದು ಅದನ್ನೇ.

ಸ್ಕ್ಯಾನ್ ಮೊದಲು ಆಟದ ಮೆಮೊರಿಯನ್ನೆಲ್ಲ ಓದಿ, ವಿಳಾಸ ಇರಬಹುದೆನ್ನಿಸುವ ಸಂಖ್ಯೆ ಎಲ್ಲೆಲ್ಲಿದೆ ಎಂದು ಒಂದು ನಕ್ಷೆ ಮಾಡಿಕೊಳ್ಳುತ್ತದೆ. ಆಮೇಲೆ ಗುರಿಯಿಂದ, ಅಂದರೆ ನಮ್ಮ `A1C438`ದಿಂದ ಹಿಂದಕ್ಕೆ ಹೊರಡುತ್ತದೆ. ಈ ವಿಳಾಸವನ್ನೋ, ಇದಕ್ಕಿಂತ ಸ್ವಲ್ಪ ಹಿಂದಿನ ವಿಳಾಸವನ್ನೋ ಹೊತ್ತಿರುವ ಜಾಗಗಳು ಯಾವುವು? "ಸ್ವಲ್ಪ" ಎಂದರೆ ಎಷ್ಟು ಎಂಬುದನ್ನು ಬಳಸುವವರೇ ಹೇಳಬೇಕು. ಪರದೆಯ ಮೇಲೆ ಅದಕ್ಕೆ ಗರಿಷ್ಠ ಆಫ್‌ಸೆಟ್ ಎಂಬ ಆಯ್ಕೆಯಿದೆ. ನಮ್ಮ ಉದಾಹರಣೆಯಲ್ಲಿ `50F4F4` ಸಿಗುತ್ತದೆ, ಏಕೆಂದರೆ ಅದು ಹೊತ್ತಿರುವುದು ಗುರಿಗಿಂತ `150` ಹಿಂದಿನ ವಿಳಾಸ. ಅದು ಸ್ಥಿರ ಜಾಗವೂ ಹೌದು, ಹಾಗಾಗಿ ಆ ದಾರಿ ಅಲ್ಲಿಗೆ ಮುಗಿಯಿತು. ಆಟಗಾರನ ವಿಳಾಸವನ್ನೇ ಹೊತ್ತ ಇನ್ನೊಂದು ಸ್ಥಿರ ಜಾಗ `509B74` ಕೂಡ ಸಿಗುತ್ತದೆ. ಜೊತೆಗೆ `A2F0B4` ಸಿಗುತ್ತದೆ, ಆದರೆ ಅದು ಹೀಪ್‌ನಲ್ಲಿದೆ. ಆದ್ದರಿಂದ ಈಗ ಅದೇ ಹೊಸ ಗುರಿಯಾಗಿ, ಅದರ ಹಿಂದೆ ಯಾರಿದ್ದಾರೆ ಎಂಬ ಹುಡುಕಾಟ ಮತ್ತೆ ಶುರು. ಸ್ಥಿರ ಜಾಗ ಸಿಗುವವರೆಗೆ, ಇಲ್ಲವೇ ಹೇಳಿಕೊಟ್ಟ ಮಜಲುಗಳ ಮಿತಿ ಮುಗಿಯುವವರೆಗೆ ಇದು ನಡೆಯುತ್ತದೆ.

ಈ ಮಿತಿಗಳನ್ನು ಸಡಿಲ ಬಿಟ್ಟರೆ ಫಲಿತಾಂಶ ಹೇಗೆ ಉಬ್ಬುತ್ತದೆ ಎಂಬುದಕ್ಕೂ ಮೇಲಿನ ಪಟ್ಟಿಯಲ್ಲೇ ಉತ್ತರವಿದೆ. ಆಯುಧದ `+08`ರಲ್ಲಿ `owner`, ಅಂದರೆ ಆಯುಧ ಹಿಡಿದವನ ವಿಳಾಸವಿದೆ. ಆಟಗಾರನಿಂದ ಆಯುಧಕ್ಕೆ, ಆಯುಧದಿಂದ ಮರಳಿ ಆಟಗಾರನಿಗೆ, ಮತ್ತೆ ಆಯುಧಕ್ಕೆ ಹೀಗೆ ಎಷ್ಟು ಸುತ್ತು ಬೇಕಾದರೂ ಹೊಡೆಯಬಹುದು. ಪ್ರತಿ ಸುತ್ತೂ ಲೆಕ್ಕದಲ್ಲಿ ಇನ್ನೊಂದು "ದಾರಿ". ಮಜಲುಗಳ ಮಿತಿ ಏಳೆಂದು ಕೊಟ್ಟರೆ ದೊಡ್ಡ ಆಟದಲ್ಲಿ ಲಕ್ಷಗಟ್ಟಲೆ ಸಾಲುಗಳು ಬಂದು ಬೀಳುವುದು ಸಾಮಾನ್ಯ. ಸುತ್ತು ದಾರಿಗಳನ್ನು ಬಿಟ್ಟುಬಿಡಲು `No looping pointers` ಎಂಬ ಆಯ್ಕೆಯೂ ಇದೆ. ಕಡಿಮೆ ಮಜಲು, ಚಿಕ್ಕ ಆಫ್‌ಸೆಟ್‌ನಿಂದ ಶುರುಮಾಡಿ, ಏನೂ ಸಿಗದಿದ್ದರೆ ಮಾತ್ರ ಹಿಗ್ಗಿಸುತ್ತ ಹೋಗುವುದು ಒಳ್ಳೆಯದು.

ಬಂದ ಸಾಲುಗಳಲ್ಲಿ ಬಹುಪಾಲು ಕಾಕತಾಳೀಯ. ಆ ಹೊತ್ತಿಗೆ ಯಾವುದೋ ಸಂಬಂಧವಿಲ್ಲದ ವಿಳಾಸ ಗುರಿಯ ಸಮೀಪದಲ್ಲಿತ್ತು ಎಂಬುದಷ್ಟೇ ಅವುಗಳ ಅರ್ಹತೆ. ಅವನ್ನು ತೊಲಗಿಸಲು ಆಟ ಮುಚ್ಚಿ ತೆರೆದು, ಗುಂಡಿನ ಲೆಕ್ಕದ ಹೊಸ ವಿಳಾಸವನ್ನು ಮೊದಲಿನಂತೆ ಹುಡುಕಿ, ಹಳೆಯ ದಾರಿಗಳಲ್ಲಿ ಯಾವುವು ಇಂದೂ ಆ ವಿಳಾಸಕ್ಕೇ ತಲುಪುತ್ತವೆ ಎಂದು ಸೋಸಬೇಕು. ಇದೇ ರೀಸ್ಕ್ಯಾನ್. ಹೊಸ ಆಟಗಳಲ್ಲಿ ಒಂದು ಎಚ್ಚರ ಬೇಕು: ಒಮ್ಮೆ ಲೋಡ್ ಆದ ಪ್ರೋಗ್ರಾಂ ಫೈಲಿನ ಆರಂಭದ ವಿಳಾಸವನ್ನು ವಿಂಡೋಸ್ ಹಲವು ಸಲ ಕಂಪ್ಯೂಟರ್ ರೀಸ್ಟಾರ್ಟ್ ಆಗುವವರೆಗೂ ಹಾಗೇ ಉಳಿಸಿಕೊಳ್ಳುತ್ತದೆ. ಆಟವನ್ನಷ್ಟೇ ಮುಚ್ಚಿ ತೆರೆದಾಗ ಸರಿಯೆನಿಸಿದ ವಿಳಾಸ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆ ಕೈಕೊಡಬಹುದು. ಫೈಲಿನ ಹೆಸರು ಮತ್ತು ದೂರದಿಂದ ಶುರುವಾಗುವ ದಾರಿಗೆ ಈ ಭಯವಿಲ್ಲ, ಬರೀ ಸಂಖ್ಯೆಯಾಗಿ ಬರೆದಿಟ್ಟುಕೊಂಡ ವಿಳಾಸಕ್ಕೆ ಇದೆ. ಕೊನೆಯ ಪರೀಕ್ಷೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆಯೇ ಆಗಬೇಕು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಕೈಕೊಡುವುದೂ ಇಲ್ಲೇ. ರೀಸ್ಕ್ಯಾನ್‌ನಲ್ಲಿ ಉಳಿದ ದಾರಿಗಳೆಲ್ಲ ನಿಜವಾದವೇ ಆಗಿದ್ದರೂ ಅವುಗಳ ಅರ್ಥ ಒಂದೇ ಅಲ್ಲ.

ರೈಫಲ್ ಕೈಯಲ್ಲಿದ್ದಾಗ ಸ್ಕ್ಯಾನ್ ಮಾಡಿದರೆ `150`ರಲ್ಲಿ ಮುಗಿಯುವ ಚಿಕ್ಕ ದಾರಿಯೂ ಬರುತ್ತದೆ, `374`ರ ಮೂಲಕ ಹೋಗುವ ಉದ್ದದ ದಾರಿಯೂ ಬರುತ್ತದೆ. ಎರಡೂ 20 ಎನ್ನುತ್ತವೆ. ಎಷ್ಟು ಸಲ ಆಟ ತೆರೆದರೂ, ರೈಫಲ್ ಹಿಡಿದೇ ಪರೀಕ್ಷಿಸಿದರೆ, ಎರಡೂ ಸರಿಯಾಗಿ ತಲುಪುತ್ತವೆ. ಈಗ ಪಿಸ್ತೂಲು ಕೈಗೆತ್ತಿಕೊಂಡು ನೋಡಬೇಕು. ಚಿಕ್ಕ ದಾರಿ ಕದಲದೆ ರೈಫಲ್‌ನ ಲೆಕ್ಕವನ್ನೇ ತೋರಿಸುತ್ತದೆ. ಉದ್ದದ ದಾರಿಯಲ್ಲಿ `374`ರ ಜಾಗದಲ್ಲಿ ಈಗ ಪಿಸ್ತೂಲಿನ ದಾಖಲೆಯ ವಿಳಾಸ ಬಂದಿದೆ. ಅದರ `14` ಕೈತೋರುವುದು `13C`ಯ ಕಡೆಗೆ. ಹಾಗಾಗಿ ಸಂಖ್ಯೆ ಪಿಸ್ತೂಲಿನದಾಗುತ್ತದೆ. ಚಿಕ್ಕ ದಾರಿ "ರೈಫಲ್‌ನ ಗುಂಡುಗಳು" ಎನ್ನುತ್ತದೆ, ಉದ್ದದ ದಾರಿ "ಕೈಯಲ್ಲಿರುವ ಆಯುಧದ ಗುಂಡುಗಳು" ಎನ್ನುತ್ತದೆ. ಯಾವ ಆಯುಧ ಹಿಡಿದರೂ ಗುಂಡು ಮುಗಿಯಬಾರದು ಎಂದು ಬಯಸುವವರು ಚಿಕ್ಕದೇ ಲೇಸು ಎಂದು ಮೊದಲನೆಯದನ್ನು ಆರಿಸಿಕೊಂಡರೆ, ಪಿಸ್ತೂಲು ಹಿಡಿದ ಗಳಿಗೆಗೆ ಕೆಲಸ ಕೆಟ್ಟಂತೆ ಕಾಣುತ್ತದೆ.

ಮೂರನೆಯದೊಂದು ದಾರಿಯೂ ಇದೆ. ಆಟಗಾರನ ದಾಖಲೆಯಲ್ಲಿ ಕೈಯಲ್ಲಿರುವ ಆಯುಧದ ಪಾಯಿಂಟರ್‌ನ ಪಕ್ಕದಲ್ಲೇ ಅವನ ಮುಖ್ಯ ಆಯುಧದ ಪಾಯಿಂಟರ್ ಕೂಡ ಇದೆ; ಮೂಲ ಕೋಡ್‌ನಲ್ಲಿ ಅದರ ಹೆಸರು `primweap`. ರೈಫಲ್ ಆರಿಸಿಕೊಂಡು ಆಡುವವರೆಗೆ ಇದಕ್ಕೂ `150`ರ ದಾರಿಗೂ ವ್ಯತ್ಯಾಸ ತಿಳಿಯುವುದೇ ಇಲ್ಲ. ಮುಂದಿನ ಸುತ್ತಿಗೆ ಶಾಟ್‌ಗನ್ ಆರಿಸಿಕೊಂಡಾಗ `primweap`ನ ದಾರಿ ಶಾಟ್‌ಗನ್ ಕಡೆಗೆ ತಿರುಗುತ್ತದೆ, `150` ರೈಫಲ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ರೀಸ್ಕ್ಯಾನ್ ಮಾಡುವಾಗ ಬರೀ ಆಟ ಮುಚ್ಚಿ ತೆರೆದರೆ ಸಾಲದು. ಆಯುಧ ಬದಲಿಸಿ, ಒಮ್ಮೆ ಸತ್ತು ಮರಳಿ ಬಂದು, ಬೇರೆ ಮ್ಯಾಪ್ ತೆರೆದು ಆಟದ ಸ್ಥಿತಿಯನ್ನೂ ಬದಲಿಸಬೇಕು. ಬೇಕಾದ ಅರ್ಥವಿರುವ ದಾರಿ ಯಾವುದೆಂದು ಆಗ ತಾನಾಗಿ ಬೇರ್ಪಡುತ್ತದೆ.

ಪಟ್ಟಿಯಲ್ಲಿ ಕೆಲವು ಸಾಲುಗಳು ಫೈಲಿನ ಹೆಸರಿನ ಬದಲು `THREADSTACK0` ಎಂದು ಶುರುವಾಗುತ್ತವೆ. ಇವು ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗದಿಂದ ಹೊರಟ ದಾರಿಗಳು. ಪ್ರೋಗ್ರಾಂ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಂತೆ ಅಲ್ಲಿರುವುದು ಅಳಿಸಿಹೋಗಬಹುದು, ಆದ್ದರಿಂದ ಫೈಲಿನ ಹೆಸರಿರುವ ದಾರಿ ಸಿಕ್ಕಿದಾಗ ಇವನ್ನು ಕೈಬಿಡುವುದೇ ಕ್ಷೇಮ. ಇನ್ನು ಡಾಟ್‌ನೆಟ್‌ನಂಥ ವ್ಯವಸ್ಥೆಯ ಮೇಲೆ ಕಟ್ಟಿದ ಕೆಲವು ಆಟಗಳಲ್ಲಿ, ಬೇಡದ ಮೆಮೊರಿಯನ್ನು ಗುಡಿಸುವ ವ್ಯವಸ್ಥೆ ಆಟದ ನಡುವೆಯೇ ವಸ್ತುಗಳನ್ನು ಎತ್ತಿ ಬೇರೆಡೆ ಇಡುತ್ತದೆ. ಫೈಲಿನೊಳಗೆ ಸ್ಥಿರವಾದ ಆರಂಭವೂ ಸುಲಭವಾಗಿ ಸಿಗುವುದಿಲ್ಲ. ಅಂಥಲ್ಲಿ ವಿಳಾಸದ ಬೆನ್ನುಹತ್ತುವುದನ್ನು ಬಿಟ್ಟು, ಗುಂಡು ಕಡಿಮೆ ಮಾಡುವ ಕೋಡ್ ಸಾಲನ್ನೇ ಅದರ ಬೈಟ್‌ಗಳ ಗುರುತಿನಿಂದ ಹುಡುಕಿ ತಿದ್ದುತ್ತಾರೆ.

ಇದೆಲ್ಲ ಒಬ್ಬರೇ ಆಡುವ ಆಟದ ಮಾತು. ಹಲವರು ಸೇರಿ ಆಡುವ ಆಟಗಳಲ್ಲಿ ಮುಖ್ಯ ಲೆಕ್ಕ ಸಾಮಾನ್ಯವಾಗಿ ಸರ್ವರ್‌ನಲ್ಲಿರುತ್ತದೆ. ತನ್ನ ಕಂಪ್ಯೂಟರಿನ ಸಂಖ್ಯೆ ತಿದ್ದಿದರೆ ಪರದೆಯ ಅಂಕ ಬದಲಾಗಬಹುದೇ ಹೊರತು ಸರ್ವರ್‌ನ ಲೆಕ್ಕ ಬದಲಾಗದು. ಬದಲಾಗುವ ಕಡೆ ಅದು ಎದುರಿನವರಿಗೆ ಮಾಡುವ ಮೋಸ. ಚೀಟ್ ಎಂಜಿನ್ ತೆರೆದಿದ್ದರೇ ಖಾತೆ ನಿಷೇಧಿಸುವ ಆಟಗಳೂ ಇವೆ, ಆದ್ದರಿಂದ ಆನ್‌ಲೈನ್ ಆಟಕ್ಕೆ ಹೋಗುವ ಮುನ್ನ ಅದನ್ನು ಮುಚ್ಚಿಡಬೇಕು.

ಇಷ್ಟು ಸೋಸಿ ಆರಿಸಿದ ದಾರಿಯೂ ಆಟದ ಹೊಸ ಆವೃತ್ತಿ ಬಂದಾಗ ತಪ್ಪುತ್ತದೆ. ಆಫ್‌ಸೆಟ್‌ಗಳು ಕಂಪೈಲ್ ಆದ ದಿನ ನಿಗದಿಯಾದವು, ಹೊಸದಾಗಿ ಕಂಪೈಲ್ ಮಾಡಿದರೆ ಹೊಸದಾಗಿ ನಿಗದಿಯಾಗುತ್ತವೆ. ಅಸಾಲ್ಟ್‌ಕ್ಯೂಬ್ 1.3.0.2ರಲ್ಲಿ ಆಟಗಾರನ ಸ್ಥಿರ ಜಾಗ `10F4F4`ರಿಂದ `18AC00`ಕ್ಕೆ ಹೋಯಿತು. ಆರೋಗ್ಯ `F8`ರಿಂದ `EC`ಗೆ, ಕವಚ `FC`ಯಿಂದ `F0`ಗೆ ಬಂದವು. ಎರಡೂ ಒಟ್ಟಿಗೆ 12 ಬೈಟ್ ಹಿಂದೆ ಸರಿದಿವೆ, ಅವುಗಳ ನಡುವಿನ ನಾಲ್ಕು ಬೈಟ್ ಅಂತರ ಹಾಗೇ ಇದೆ. ದಾರಿಯ ಯಾವ ಭಾಗ ಮುರಿದಿದೆ ಎಂದು ಪತ್ತೆ ಹಚ್ಚಲು ಈ ಅಂತರ ಸಹಾಯಕ್ಕೆ ಬರುತ್ತದೆ. ಮೊದಲ ಮಜಲಿನಲ್ಲೇ `??` ಬಂದರೆ ಸ್ಥಿರ ಜಾಗ ಬದಲಾಗಿರುವ ಸಂಭವ ಹೆಚ್ಚು, ಸ್ಕ್ಯಾನ್ ಹೊಸದಾಗಿ ಮಾಡಬೇಕು. ಆಟಗಾರನ ದಾಖಲೆಯವರೆಗೆ ದಾರಿ ಸರಿಯಿದ್ದು ಕೊನೆಯ ಸಂಖ್ಯೆ ಮಾತ್ರ ವಿಚಿತ್ರವಾಗಿದ್ದರೆ, ಆ ದಾಖಲೆಯ ಸುತ್ತಮುತ್ತಲ ಮೆಮೊರಿಯನ್ನು ತೆರೆದು, ಹಳೆಯ ಜಾಗದಿಂದ ನಾಲ್ಕು ನಾಲ್ಕು ಬೈಟ್ ಹಿಂದೆ ಮುಂದೆ ಸರಿಯುತ್ತ, ಪರದೆಯ ಮೇಲಿನ ಆರೋಗ್ಯದ ಅಂಕ ಎಲ್ಲಿ ಕಾಣುತ್ತದೆ ಎಂದು ನೋಡಿದರೆ ಸಾಕು. ಅದರ ಮುಂದಿನ ನಾಲ್ಕು ಬೈಟ್‌ನಲ್ಲಿ ಕವಚದ ಅಂಕವೂ ಇದ್ದರೆ ಸಿಕ್ಕಿದ್ದು ಸರಿಯಾದ ಜಾಗವೇ.